ಬ್ಯಾಲೆನ್ಸ್ ಶೀಟ್‌ಗೆ ಬಂದ ಬಾಡಿಗೆ ಕರಾರು

ಅಮೆರಿಕದಲ್ಲಿ ಹಿಂದೆ ಆಪರೇಟಿಂಗ್ ಲೀಸ್‌ನ ಬಾಡಿಗೆ ಖರ್ಚಿನಲ್ಲಷ್ಟೇ ಕಾಣುತ್ತಿತ್ತು. ಮುಂದೆ ಕಟ್ಟಬೇಕಾದ ಮೊತ್ತ ಬ್ಯಾಲೆನ್ಸ್ ಶೀಟ್‌ಗೆ ಬರುತ್ತಿರಲಿಲ್ಲ. ಷೇರುಪೇಟೆಯ ಕಂಪನಿಗಳಿಗೆ 2019ರಿಂದ ಅದು ಬದಲಾಯಿತು. ಹನ್ನೆರಡು ತಿಂಗಳು ಮೀರಿದ ಎರಡೂ ಬಗೆಯ ಲೀಸ್ ಈಗ ಒಂದು ಕಡೆ ಬಳಕೆಯ ಹಕ್ಕಾಗಿ, ಇನ್ನೊಂದು ಕಡೆ ಹೊಣೆಯಾಗಿ ದಾಖಲಾಗುತ್ತದೆ.

ವರ್ಷಾಂತ್ಯಕ್ಕೆ 1,00,000 ಡಾಲರ್‌ನಂತೆ ಮೂರು ವರ್ಷದ ಬಾಡಿಗೆ ಎನ್ನಿ. ಶೇ 10ರ ಬಡ್ಡಿಯಲ್ಲಿ ಅದರ ಇಂದಿನ ಬೆಲೆ 2,48,685. ಎರಡೂ ಕಡೆ ಬರೆಯುವುದು ಇದನ್ನೇ. ಮೊದಲ ಕಂತು ಕಟ್ಟಿದಾಗ ಯಾವ ಬಗೆಯಾದರೂ ಹೊಣೆ 1,73,554ಕ್ಕೆ ಇಳಿಯುತ್ತದೆ.

ವ್ಯತ್ಯಾಸವಿರುವುದು ಹಕ್ಕಿನಲ್ಲಿ. ಫೈನಾನ್ಸ್ ಲೀಸ್‌ನಲ್ಲಿ ಅದು ಸಮಪಾಲಾಗಿ ಸವೆದು 1,65,790 ಆಗುತ್ತದೆ. ಬಡ್ಡಿ ಸೇರಿ ಮೊದಲ ವರ್ಷದ ಖರ್ಚು 1,07,764. ಆಪರೇಟಿಂಗ್ ಲೀಸ್‌ನಲ್ಲಿ ಖರ್ಚು ಪ್ರತಿ ವರ್ಷವೂ 1,00,000; ಹಾಗಾಗಿ ಹಕ್ಕು ಹೊಣೆಯ ಜೊತೆಜೊತೆಗೇ ಇಳಿಯುತ್ತದೆ.