ಆರು ಬಿಲ್ಲು, ಹಣ ಒಬ್ಬರದೇ

ಮದುವೆಯ ಒಡವೆಗೆಂದು ಒಂದು ಕುಟುಂಬ ಚಿನ್ನದಂಗಡಿಗೆ ಬಂದಿದೆ ಎಂದಿಟ್ಟುಕೊಳ್ಳಿ. ಸರ, ಬಳೆ, ಡಾಬು ಎಲ್ಲಾ ಸೇರಿ 11 ಲಕ್ಷ 70 ಸಾವಿರ ರೂಪಾಯಿ ಆಗಿದೆ. ಹಣ ಕೊಡುವ ಹೊತ್ತಿಗೆ ಹಿರಿಯರು ಹೇಳುತ್ತಾರೆ: "ಸಾಹುಕಾರ್ರೇ, ಪೂರ್ತಿ ಕ್ಯಾಶೇ ಕೊಡ್ತೀವಿ. ಒಂದೇ ಬಿಲ್ಲು ಬೇಡ. ನನ್ನದು, ನನ್ನ ಹೆಂಡತಿದು, ತಮ್ಮಂದು ಅಂತ ಆರು ಹೆಸರಿಗೆ ಮಾಡಿಬಿಡಿ." ಒಂದೊಂದು ಬಿಲ್ಲು 1 ಲಕ್ಷ 95 ಸಾವಿರಕ್ಕೆ ಬರುತ್ತದೆ. ಇಂಥ ಮಾತು ವ್ಯಾಪಾರಿಗೆ ಹೊಸದಲ್ಲ. ಆದರೆ ಹಾಗೆ ಬಿಲ್ಲು ಬರೆದರೆ ಅವರು ಒಂದಲ್ಲ, ಎರಡು ಕಾನೂನುಗಳ ಎದುರು ಉತ್ತರ ಹೇಳಬೇಕಾಗುತ್ತದೆ.

ಮೊದಲನೆಯದು ಆದಾಯ ತೆರಿಗೆ ಕಾನೂನು. 2017ರ ಏಪ್ರಿಲ್‌ನಿಂದ ಯಾರೂ ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಈ ಮಿತಿಯನ್ನು ಮೂರು ಬಗೆಯಲ್ಲಿ ಲೆಕ್ಕ ಹಾಕುತ್ತಾರೆ: ಒಂದು ದಿನಕ್ಕೆ, ಒಂದು ವ್ಯವಹಾರಕ್ಕೆ, ಒಂದು ಸಮಾರಂಭ ಅಥವಾ ಸಂದರ್ಭಕ್ಕೆ. ಆದ್ದರಿಂದ ಒಂದೇ ಮದುವೆಯ ಒಡವೆಗೆ ಒಬ್ಬರೇ ಇವತ್ತು ಒಂದಷ್ಟು, ನಾಳೆ ಒಂದಷ್ಟು ಕೊಟ್ಟರೂ ಮಿತಿ ದಾಟಿದಂತೆಯೇ. ಬಿಲ್ಲಿನಲ್ಲಿ ಆರು ಹೆಸರಿದ್ದು, ಹಣ ಒಬ್ಬರ ಜೇಬಿನಿಂದಲೇ ಬಂದಿದ್ದರೆ ಆ ಹೆಸರುಗಳು ರಕ್ಷಣೆಗೆ ಬರುವುದಿಲ್ಲ. ಪಡೆದ ಮೊತ್ತದಷ್ಟೇ ದಂಡ ಬೀಳಬಹುದು. ಅದು ಬೀಳುವುದು ಕೊಟ್ಟವರ ಮೇಲಲ್ಲ, ಪಡೆದ ಅಂಗಡಿಯವರ ಮೇಲೆ.

ಎರಡನೆಯದು 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ. ಬ್ಯಾಂಕುಗಳಿಗೆ ಅನ್ವಯಿಸುತ್ತಿದ್ದ ಇದರ ಕರ್ತವ್ಯಗಳು 2020ರ ಡಿಸೆಂಬರ್ 28ರ ಅಧಿಸೂಚನೆಯಿಂದ ಚಿನ್ನ, ಬೆಳ್ಳಿ, ಹರಳಿನ ವ್ಯಾಪಾರಿಗಳಿಗೂ ಬಂದವು. ಒಬ್ಬ ಗ್ರಾಹಕರೊಂದಿಗೆ 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ವ್ಯವಹಾರ ನಡೆಸುವ ವ್ಯಾಪಾರಿ ಇದರ ವ್ಯಾಪ್ತಿಗೆ ಬರುತ್ತಾರೆ. ವ್ಯವಹಾರ ಒಂದೇ ಸಲ ನಡೆದಿರಬೇಕಿಲ್ಲ. ಒಂದಕ್ಕೊಂದು ಸಂಬಂಧವಿದ್ದಂತೆ ಕಾಣುವ ಹಲವು ವ್ಯವಹಾರಗಳನ್ನು ಕೂಡಿಸಿದರೂ ಸಾಕು.

2 ಲಕ್ಷವನ್ನೇ ಪಡೆಯಬಾರದೆಂದ ಮೇಲೆ 10 ಲಕ್ಷದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಮೇಲಿನ ಆರು ಬಿಲ್ಲುಗಳಲ್ಲೇ ಇದೆ. ಮಿತಿಯ ಕೆಳಗೇ ನಿಲ್ಲುವಂತೆ ಕತ್ತರಿಸಿದ ತುಂಡುಗಳನ್ನು ಜೋಡಿಸಿ ನೋಡುವುದೇ ಈ ಕಾಯ್ದೆಯ ಕೆಲಸ. ನಮ್ಮ ಉದಾಹರಣೆಯ ತುಂಡುಗಳನ್ನು ಕೂಡಿದರೆ 10 ಲಕ್ಷ ದಾಟುತ್ತದೆ. ನಗದು ಪಡೆದದ್ದು ಒಂದು ತಪ್ಪು, ವರದಿ ಮಾಡದಿದ್ದರೆ ಅದು ಇನ್ನೊಂದು.

ಕಳ್ಳಹಣಕ್ಕೆ ಚಿನ್ನವೇ ಏಕೆ ಬೇಕು? ಲಂಚ, ಮಾದಕ ವಸ್ತು, ವಂಚನೆ ಯಾವುದರಿಂದ ಬಂದರೂ ನೋಟಿನ ಕಟ್ಟು ಇಟ್ಟುಕೊಂಡವರಿಗೆ ಹೊರೆ. ಬ್ಯಾಂಕಿಗೆ ಕಟ್ಟಿದರೆ ಎಲ್ಲಿಂದ ಬಂತೆಂಬ ಪ್ರಶ್ನೆ ಏಳುತ್ತದೆ. ಚಿನ್ನವಾದರೆ ಮೌಲ್ಯ ದೊಡ್ಡದು, ಗಾತ್ರ ಸಣ್ಣದು, ಎಲ್ಲಿ ಬೇಕಾದರೂ ಮಾರಬಹುದು, ಕರಗಿಸಿದರೆ ಗುರುತೂ ಉಳಿಯುವುದಿಲ್ಲ. ನಗದು ಕೊಟ್ಟು ನಾಣ್ಯ ಕೊಂಡವರು ಎರಡು ವಾರ ಬಿಟ್ಟು ಬಂದು, "ಬೇಡವಾಯ್ತು, ವಾಪಸ್ ತಗೊಂಡು ಹಣ ಖಾತೆಗೆ ಹಾಕಿ" ಎಂದರೆ ವ್ಯಾಪಾರಿ ಎಚ್ಚರಗೊಳ್ಳಬೇಕು. ಅಂಗಡಿ ಆ ಹಣ ಹಾಕಿದೊಡನೆ ನೋಟಿನ ಕಟ್ಟು ಚಿನ್ನ ಮಾರಿ ಬಂದ ಹಣವಾಗಿಬಿಡುತ್ತದೆ, ಅದಕ್ಕೆ ಬ್ಯಾಂಕಿನ ದಾಖಲೆಯೂ ಸಿಗುತ್ತದೆ. ವಿನ್ಯಾಸ, ಕೂಲಿ, ವೇಸ್ಟೇಜ್ ಯಾವುದನ್ನೂ ಕೇಳದೆ ಬರೀ ಗಟ್ಟಿ ಕೇಳುವುದು, ಗುರುತಿನ ಚೀಟಿ ಕೇಳಿದೊಡನೆ ಮೊತ್ತ ಇಳಿಸುವುದು, ಸಂಬಂಧವೇ ಇಲ್ಲದ ಮೂರನೆಯವರ ಖಾತೆಯಿಂದ ಹಣ ಬರುವುದು ಇಂಥವೇ ಇತರ ಸುಳಿವುಗಳು.

ಸುಳಿವು ಕಂಡ ಮಾತ್ರಕ್ಕೆ ಅಪರಾಧ ನಡೆದಿದೆ ಎಂದಲ್ಲ. ನಮ್ಮ ಆ ಹಿರಿಯರು ಸಾಗರದ ಕಡೆಯ ಅಡಿಕೆ ಬೆಳೆಗಾರರೇ ಇರಬಹುದು. ಫಸಲಿನ ಹಣ ಕೈಗೆ ಬಂದಿದೆ, ಕಾಗದಪತ್ರದ ರಗಳೆ ಬೇಡವೆಂದು ಬಿಲ್ಲು ಒಡೆಯಲು ಹೇಳಿದ್ದಾರೆ, ಅಷ್ಟೆ. ಆಗ ಅಂಗಡಿಯವರು ಮಾಡಬೇಕಾದದ್ದು ಸರಳ. ಆಧಾರ್, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಚೀಟಿಗಳಲ್ಲಿ ಒಂದನ್ನು ಪಡೆದು, ಎದುರಿಗಿರುವ ವ್ಯಕ್ತಿ ಅವರೇ ಹೌದೇ ಎಂದು ನೋಡಬೇಕು. ಪ್ಯಾನ್ ಸಂಖ್ಯೆ ಬರೆದುಕೊಳ್ಳಬೇಕು. ಒಡವೆ ಯಾರಿಗೆ, ಹಣ ಯಾರದು, ಎಲ್ಲಿಂದ ಬಂತು ಎಂದು ಕೇಳಬೇಕು. ಮಂಡಿಯ ಪಟ್ಟಿಯನ್ನೋ ಬ್ಯಾಂಕ್ ಪಾಸ್‌ಬುಕ್ಕನ್ನೋ ತೋರಿಸಿದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಆದರೂ ನಗದಿನ ಮಿತಿ ಸಡಿಲವಾಗುವುದಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರಬಹುದು, ಅಂಗಡಿಯವರು ನಗದು ಪಡೆಯುವುದರ ಮೇಲಿನ ನಿರ್ಬಂಧ ಮಾತ್ರ ಇದ್ದೇ ಇದೆ. ಹಣ ಬ್ಯಾಂಕಿನ ಮೂಲಕ ಬರಲಿ, ಬಿಲ್ಲು ಒಂದೇ ಆಗಲಿ ಎಂದು ಹೇಳುವುದೇ ಇಬ್ಬರಿಗೂ ಕ್ಷೇಮ.

ಕೊಳ್ಳುವವರು ಒಂದು ಸಂಸ್ಥೆಯಾದರೆ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಕಂಪನಿಯಲ್ಲಿ ನೇರವಾಗಿಯೋ ಬೇರೆ ಸಂಸ್ಥೆಗಳ ಮೂಲಕವೋ ಶೇ. 10ಕ್ಕಿಂತ ಹೆಚ್ಚು ಪಾಲು ಉಳ್ಳ ವ್ಯಕ್ತಿಗಳು ಯಾರೆಂದು ತಿಳಿಯಬೇಕು. 2023ರವರೆಗೆ ಈ ಗೆರೆ ಶೇ. 25ರಲ್ಲಿತ್ತು. ಕಾಗದದ ಮೇಲಿನ ಕಂಪನಿಯ ಹಿಂದೆ ನಿಂತ ಮನುಷ್ಯರನ್ನು ಕಾಣುವುದಕ್ಕೆಂದೇ ಅದನ್ನು ಇಳಿಸಲಾಯಿತು.

ಉತ್ತರಗಳು ಹೊಂದದಿದ್ದರೆ ವ್ಯಾಪಾರಿ ಪೊಲೀಸರಾಗಬೇಕಿಲ್ಲ. ಕಾಯ್ದೆಯ ವ್ಯಾಪ್ತಿಗೆ ಬಂದ ಅಂಗಡಿ ಇಂಥ ಕೆಲಸಕ್ಕೆ ಜವಾಬ್ದಾರರಾದ ಒಬ್ಬ ಅಧಿಕಾರಿಯನ್ನು ನೇಮಿಸಿಕೊಂಡಿರಬೇಕು. ಅವರು ದೆಹಲಿಯಲ್ಲಿರುವ ಹಣಕಾಸು ಗುಪ್ತಚರ ಘಟಕಕ್ಕೆ ಅನುಮಾನಾಸ್ಪದ ವ್ಯವಹಾರದ ವರದಿ ಕಳಿಸುತ್ತಾರೆ. ಇದಕ್ಕೆ ಮೊತ್ತದ ಮಿತಿ ಇಲ್ಲ. ಪ್ರಶ್ನೆ ಕೇಳಿದ್ದಕ್ಕೆ ಗ್ರಾಹಕರು ಕೊಳ್ಳದೆ ಎದ್ದು ಹೋದರೂ ಆ ಪ್ರಯತ್ನವನ್ನೇ ವರದಿ ಮಾಡಬೇಕು. ವರದಿ ಮಾಡಿದ ಸಂಗತಿಯನ್ನು ಗ್ರಾಹಕರಿಗೆ ತಿಳಿಸುವಂತಿಲ್ಲ, ತಿಳಿದರೆ ಹಣ ರಾತ್ರೋರಾತ್ರಿ ಜಾಗ ಬದಲಿಸುತ್ತದೆ. ವರದಿ ಕಳಿಸಿದ್ದಕ್ಕಾಗಿ ವ್ಯಾಪಾರಿಯ ಮೇಲೆ ಮೊಕದ್ದಮೆ ಹೂಡದಂತೆ ಕಾಯ್ದೆಯೇ ಕಾಪಾಡುತ್ತದೆ. ದಾಖಲೆಗಳನ್ನು ಐದು ವರ್ಷ ಕಾದಿಡಬೇಕು.

ಅಂಗಡಿಯೇ ಸುಳ್ಳು ದಾಖಲೆ ಹುಟ್ಟಿಸತೊಡಗಿದಾಗ ಈ ಏರ್ಪಾಡು ಕುಸಿಯುತ್ತದೆ. 2016ರ ನವೆಂಬರ್ 8ರಂದು ನೋಟು ರದ್ದಾದ ರಾತ್ರಿಯ ವ್ಯಾಪಾರದ ಬಗ್ಗೆ ಹೈದರಾಬಾದಿನ ಒಂದು ಚಿನ್ನದ ಸಮೂಹದ ಮೇಲೆ ಜಾರಿ ನಿರ್ದೇಶನಾಲಯ ಹೊರಿಸಿದ ಆರೋಪ ಇದನ್ನು ತೋರಿಸುತ್ತದೆ. ಪ್ರಧಾನಿಯ ಭಾಷಣದ ನಂತರ ಮಧ್ಯರಾತ್ರಿಯೊಳಗೆ ಸುಮಾರು 5,200 ಮಂದಿ ಮುಂಗಡ ಕೊಟ್ಟರೆಂದು ಲೆಕ್ಕ ತೋರಿಸಲಾಗಿತ್ತು, ಒಂದೊಂದು ರಸೀದಿಯೂ 2 ಲಕ್ಷದ ಕೆಳಗಿತ್ತು. ಆಗ 2 ಲಕ್ಷ ಮೀರಿದರೆ ಪ್ಯಾನ್ ಬೇಕಿತ್ತು, ಅದರೊಳಗೆ ಬೇಕಿರಲಿಲ್ಲ. ನಾಲ್ಕು ಗಂಟೆಯಲ್ಲಿ 5,200 ಮಂದಿ ಎಂದರೆ ನಿಮಿಷಕ್ಕೆ ಇಪ್ಪತ್ತಕ್ಕೂ ಹೆಚ್ಚು. ಒಂದೊಂದು ರಸೀದಿಯನ್ನೇ ನೋಡಿದರೆ ಎಲ್ಲವೂ ಸರಿ. ಒಟ್ಟಿಗೆ ಇಟ್ಟು ಗಡಿಯಾರ ನೋಡಿದಾಗಲೇ ಅನುಮಾನ ಏಳುತ್ತದೆ.

ಹಾಗಾಗಿ ಗುರುತಿನ ಚೀಟಿಯ ಜೆರಾಕ್ಸ್ ಕಡತಕ್ಕೆ ಸೇರಿಸಿದೊಡನೆ ಕೆವೈಸಿ ಮುಗಿಯಿತೆನ್ನಲಾಗದು. ಅಂಗಡಿಯವರು ದಿನದ ಕೊನೆಯಲ್ಲಿ ಬಿಲ್ಲುಗಳನ್ನು ಹೆಸರಿನ ಜೊತೆಗೆ ವಿಳಾಸ, ಮೊಬೈಲ್ ಸಂಖ್ಯೆಗಳ ಪ್ರಕಾರವೂ ಹೊಂದಿಸಿ ನೋಡಬೇಕು. 1 ಲಕ್ಷ 90 ಸಾವಿರದಿಂದ 2 ಲಕ್ಷದ ನಡುವಿನ ನಗದು ಬಿಲ್ಲುಗಳನ್ನು ಬೇರೆ ಎತ್ತಿಡಬೇಕು. ಕೊಳ್ಳುವವರೂ ಒಂದು ಮಾತು ನೆನಪಿಡಬೇಕು: ಪರಿಚಯದವರು ಕೇಳಿದರೆಂದು ನಮ್ಮ ಪ್ಯಾನ್, ಆಧಾರ್ ಪ್ರತಿಯನ್ನು ಅವರ ಬಿಲ್ಲಿಗೆ ಕೊಟ್ಟರೆ, ನಾಳೆ ಆ ಹಣದ ಮೂಲವನ್ನು ವಿವರಿಸಬೇಕಾದವರು ನಾವೇ.