ಹಸಿರು ದೀಪ ಉರಿದರೂ ಬ್ರಷ್ ತಿರುಗದು

ರಾತ್ರಿಯಿಡೀ ಬೇಸ್ ಮೇಲೆ ನಿಂತಿದ್ದ ಎಲೆಕ್ಟ್ರಿಕ್ ಬ್ರಷ್ಷು ಬೆಳಿಗ್ಗೆ ಅರ್ಧ ನಿಮಿಷ ಗುಂಯ್‌ಗುಟ್ಟಿ ನಿಂತುಹೋಗುತ್ತದೆ. ಮತ್ತೆ ಬೇಸ್ ಮೇಲಿಟ್ಟರೆ ಹಸಿರು ದೀಪ ಸರಿಯಾಗೇ ಉರಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಮಳೆಗಾಲದಲ್ಲಿ ಇಂಥ ದೂರು ಬಂದಾಗ ಎಲ್ಲರೂ ಮೊದಲು ಬೈಯುವುದು ಕರೆಂಟನ್ನು. ಗಾಳಿಗೆ ಮರ ಬಿದ್ದು ಲೈನ್ ಹೋಗಿರುತ್ತದೆ, ದಿನಕ್ಕೆ ಎರಡು ಮೂರು ಗಂಟೆ ಕರೆಂಟ್ ಬಂದರೆ ಹೆಚ್ಚು, ಹಾಗಿರುವಾಗ ಬ್ರಷ್ ಎಲ್ಲಿ ಚಾರ್ಜ್ ಆಗಬೇಕು ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಆದರೆ ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಸಿಗುತ್ತದೆ.

ಇಂಥ ಸಾಧಾರಣ ಬ್ರಷ್ಷುಗಳ ಹಿಡಿಯೊಳಗೆ ಇರುವುದು ಹೆಚ್ಚಾಗಿ ಒಂದೇ ಒಂದು ನಿಕ್ಕಲ್ ಸೆಲ್. ಹಳೆಯದಾದರೆ ನಿಕ್ಕಲ್-ಕ್ಯಾಡ್ಮಿಯಂ, ಈಚಿನದಾದರೆ ನಿಕ್ಕಲ್-ಮೆಟಲ್ ಹೈಡ್ರೈಡ್. ಎರಡರದ್ದೂ ವೋಲ್ಟೇಜ್ 1.2. ಉದಾಹರಣೆಗೆ ಸೆಲ್ಲಿನ ಸಾಮರ್ಥ್ಯ 600 ಮಿಲಿ ಆಂಪಿಯರ್-ಗಂಟೆ ಎಂದಿಟ್ಟುಕೊಳ್ಳೋಣ. ಬೇಸ್ ಅದಕ್ಕೆ ನಿಧಾನವಾಗಿ, ಸುಮಾರು 60 ಮಿಲಿ ಆಂಪಿಯರ್‌ನಂತೆ ಕರೆಂಟ್ ಕೊಡುತ್ತದೆ. ಅದರಲ್ಲಿ ಒಂದು ಪಾಲು ಶಾಖವಾಗಿ ಹೋಗುವುದರಿಂದ ಪೂರ್ತಿ ಖಾಲಿಯಾದ ಸೆಲ್ ತುಂಬಲು 14ರಿಂದ 16 ಗಂಟೆ ಬೇಕು. ಆದರೆ ದಿನದ ಖರ್ಚು ಎಷ್ಟು? ಬೆಳಿಗ್ಗೆ ಎರಡು ನಿಮಿಷ, ರಾತ್ರಿ ಎರಡು ನಿಮಿಷ. ಮೋಟಾರು 1 ಆಂಪಿಯರ್ ಎಳೆದರೂ ನಾಲ್ಕು ನಿಮಿಷಕ್ಕೆ ಖರ್ಚಾಗುವುದು 67 ಮಿಲಿ ಆಂಪಿಯರ್-ಗಂಟೆ. ಎರಡು ಗಂಟೆ ಕರೆಂಟ್ ಇದ್ದರೆ 120 ಒಳಗೆ ಹೋಗುತ್ತದೆ, ಶಾಖಕ್ಕೆ ಹೋಗಿದ್ದು ಕಳೆದರೂ 80ರಷ್ಟು ಉಳಿಯುತ್ತದೆ. ಅಂದರೆ ಒಬ್ಬರು ಬಳಸುವ ಬ್ರಷ್ಷಿಗೆ ದಿನಕ್ಕೆ ಎರಡು ಗಂಟೆ ಕರೆಂಟ್ ಸಾಕು. ವಾರಗಟ್ಟಲೆ ಕರೆಂಟ್ ಹೋಗಿದ್ದರೆ ಮಾತು ಬೇರೆ. ಇಲ್ಲವಾದರೆ ತೊಂದರೆ ಬ್ರಷ್ಷಿನೊಳಗೋ ಬೇಸ್‌ನೊಳಗೋ ಇದೆ ಎಂದೇ ತಿಳಿಯಬೇಕು.

ಹಸಿರು ದೀಪವನ್ನೂ ಪೂರ್ತಿ ನಂಬುವಂತಿಲ್ಲ. ಸಾದಾ ಬ್ರಷ್ಷುಗಳಲ್ಲಿ ಅದು ಹೇಳುವುದು ಇಷ್ಟೇ: ಬೇಸ್‌ನಿಂದ ಕರೆಂಟ್ ಬರುತ್ತಿದೆ. ಆ ಕರೆಂಟು ಸೆಲ್ಲಿನಲ್ಲಿ ನಿಂತಿತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ದೀಪ ಉರಿದೂ ಬ್ರಷ್ ಬೇಗ ನಿಂತರೆ ಅನುಮಾನ ಸೆಲ್ಲಿನ ಮೇಲೆ ಹೋಗಬೇಕು. ದೀಪವೇ ಉರಿಯದಿದ್ದರೆ ಬೇಸ್ ಮೇಲೆ. ಆದರೆ ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿದ್ದು ಪೂರ್ತಿ ಬತ್ತಿದ ಬ್ರಷ್ಷಿನ ದೀಪ ಹತ್ತಲು ಹತ್ತು ನಿಮಿಷವೋ ಅರ್ಧ ಗಂಟೆಯೋ ಹಿಡಿಯಬಹುದು, ಅಷ್ಟು ಹೊತ್ತು ಕಾಯದೆ ತೀರ್ಮಾನಕ್ಕೆ ಬರಬಾರದು.

ಈಗ ಸೆಲ್ ವಿಚಾರ. ಕೊಪ್ಪದ ಕಡೆಯ ಒಂದು ತೋಟದ ಮನೆಯಿಂದ ಬಂದ ಬ್ರಷ್ಷು ಹೀಗೇ ಅರ್ಧ ನಿಮಿಷದ ಗಿರಾಕಿಯಾಗಿತ್ತು. ಒಂದು ರಾತ್ರಿ ಚಾರ್ಜ್ ಮಾಡಿ, ತಳ ಬಿಚ್ಚಿ, ಸೆಲ್ಲಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದರೆ 1.31 ವೋಲ್ಟ್ ತೋರಿಸಿತು. ಇದನ್ನು ನೋಡಿ ಸೆಲ್ ಚೆನ್ನಾಗಿದೆ ಎಂದುಕೊಳ್ಳುವವರೇ ಹೆಚ್ಚು. ಅದೇ ಸೆಲ್ಲಿನ ತುದಿಗಳಿಗೆ 1 ಓಮ್‌ನ, 5 ವ್ಯಾಟಿನ ರೆಸಿಸ್ಟರ್ ಒಂದನ್ನು ಅಡ್ಡ ಹಿಡಿದು ಮತ್ತೆ ಅಳೆದಾಗ ವೋಲ್ಟೇಜ್ 0.87ಕ್ಕೆ ಕುಸಿಯಿತು. ಹರಿಯುತ್ತಿರುವುದು 0.87 ಆಂಪಿಯರ್, ಒಳಗೇ ಕಳೆದುಹೋಗುತ್ತಿರುವುದು 0.44 ವೋಲ್ಟ್. ಭಾಗಿಸಿದರೆ ಸೆಲ್ಲಿನ ಒಳಪ್ರತಿರೋಧ ಸುಮಾರು ಅರ್ಧ ಓಮ್. ಹೊಸ ಸೆಲ್ಲಿನಲ್ಲಿ ಇದು ಓಮ್‌ನ ನೂರನೇ ಭಾಗಗಳ ಲೆಕ್ಕದಲ್ಲಿರುತ್ತದೆ, ಇದೇ ಪರೀಕ್ಷೆಯಲ್ಲಿ 1.2ಕ್ಕಿಂತ ಕೆಳಗಿಳಿಯುವುದಿಲ್ಲ. ತೋಟದ ಹಳೆಯ ಕಬ್ಬಿಣದ ಪೈಪು ಒಳಗೆ ತುಕ್ಕು ಕಟ್ಟಿಕೊಂಡಾಗಲೂ ಹೀಗೇ ಆಗುವುದು: ಗೇಟ್‌ವಾಲ್ವ್ ಮುಚ್ಚಿದ್ದಾಗ ಒತ್ತಡ ಪೂರ್ತಿ ತೋರುತ್ತದೆ, ತೆರೆದು ಜೆಟ್ ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ.

ಸೆಲ್ ಹೀಗಾಗುವುದೇಕೆ? ಅದರೊಳಗೆ ಎರಡು ಫಲಕಗಳ ನಡುವೆ ತೆಳುವಾದ ಬಟ್ಟೆಯಂಥ ಪದರವಿದೆ, ಅದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರದ್ರವದಲ್ಲಿ ನೆನೆದಿರುತ್ತದೆ. ಸೆಲ್ ತುಂಬಿದ ಮೇಲೂ ಬೇಸ್ ಕರೆಂಟ್ ಕೊಡುತ್ತಲೇ ಇದ್ದರೆ ಆಮ್ಲಜನಕ ಹುಟ್ಟುತ್ತದೆ. ಅದು ಒಳಗೇ ಮತ್ತೆ ಸೇರಿಹೋಗುವಂತೆ ಸೆಲ್ ಮಾಡಿರುತ್ತಾರೆ, ಆದರೆ ಹಾಗೆ ಸೇರುವಾಗ ಶಾಖ ಬರುತ್ತದೆ. ವರ್ಷಗಟ್ಟಲೆ ಸದಾ ಬೇಸ್ ಮೇಲೆಯೇ ಬೆಚ್ಚಗಿರುವ ಸೆಲ್ಲಿನ ದ್ರವ ಸ್ವಲ್ಪಸ್ವಲ್ಪವೇ ಆರುತ್ತದೆ, ಪದರ ಒಣಗುತ್ತದೆ, ಪ್ರತಿರೋಧ ಏರುತ್ತದೆ. ಹಂಡೆ ಒಲೆಯ ಬಚ್ಚಲಿನಲ್ಲಿ ಬಿಸಿನೀರಿನ ಹಬೆಯ ಪಕ್ಕದಲ್ಲೇ ಬೇಸ್ ಇಟ್ಟರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ. ನಿಕ್ಕಲ್-ಕ್ಯಾಡ್ಮಿಯಂ ಸೆಲ್ಲಿನಲ್ಲಿ ಇನ್ನೊಂದು ಬಗೆಯ ಸಾವೂ ಇದೆ. ಕ್ಯಾಡ್ಮಿಯಂ ಹರಳು ಸೂಜಿಯಂತೆ ಬೆಳೆದು ಪದರವನ್ನು ತೂರಿ ಆಚೆಯ ಫಲಕಕ್ಕೆ ತಾಗುತ್ತದೆ. ಆಗ ಎಷ್ಟು ಚಾರ್ಜ್ ಮಾಡಿದರೂ ಮೀಟರು ಸೊನ್ನೆಯ ಹತ್ತಿರವೇ ನಿಲ್ಲುತ್ತದೆ.

ಬ್ರಷ್ಷನ್ನು ಆಗಾಗ ಪೂರ್ತಿ ನಿಲ್ಲುವವರೆಗೆ ಓಡಿಸಿ ಒಂದೇ ಸಲಕ್ಕೆ ಪೂರ್ತಿ ಚಾರ್ಜ್ ಮಾಡಿ ಎಂಬ ಸಲಹೆ ಸುಳ್ಳಲ್ಲ. ಅತಿ ಚಾರ್ಜಿನಿಂದ ಮಂಕಾದ ಸೆಲ್ ಅದರಿಂದ ಕೆಲವು ಸಲ ಚೇತರಿಸಿಕೊಳ್ಳುತ್ತದೆ. ಎರಡು ಮೂರು ಸಲ ಹೀಗೆ ಮಾಡಿದ ಮೇಲೂ ಓಡುವ ಸಮಯ ಹೆಚ್ಚದಿದ್ದರೆ ದ್ರವ ಆರಿದೆ ಎಂದರ್ಥ. ಆರಿದ್ದನ್ನು ಮರಳಿ ತುಂಬುವ ದಾರಿಯಿಲ್ಲ.

ಸೆಲ್ಲನ್ನು ಕಿತ್ತುಹಾಕುವ ಮುಂಚೆ ಸಂಪರ್ಕದ ತಗಡುಗಳನ್ನು ನೋಡಲೇಬೇಕು, ಶೇವರ್‌ಗಳಲ್ಲಂತೂ ತಪ್ಪದೆ. ಇಡೀ ಯಂತ್ರಕ್ಕೆ ಇರುವುದೇ 1.2 ವೋಲ್ಟ್, ಎರಡು ಸೆಲ್ ಇದ್ದರೆ 2.4. ಮನೆಯ 230 ವೋಲ್ಟಿನ ಲೈನಿನಲ್ಲಿ 0.3 ವೋಲ್ಟ್ ಎಲ್ಲೋ ಸೋರಿದರೆ ಯಾರಿಗೂ ಗೊತ್ತಾಗದು, ಒಂದೇ ಸೆಲ್ಲಿನ ಯಂತ್ರದಲ್ಲಿ ಅದು ಕಾಲು ಭಾಗ. ಆಗುಂಬೆಯ ನೆರೆಯ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಪುಸ್ತಕಕ್ಕೆ ಬೂಸ್ಟು ಹಿಡಿಯುತ್ತದೆ. ಶೇವರಿನ ಸಂದಿಗೆ ಹೋದ ಸೋಪಿನ ನೀರು, ಗಡ್ಡದ ಪುಡಿ ಒಣಗದೆ ಅಲ್ಲೇ ಕೂತು ತಾಮ್ರದ ತಗಡಿಗೆ ಹಸಿರು ಕಿಲುಬು ಹಿಡಿಸುತ್ತವೆ. ಇದನ್ನು ಗುರುತಿಸುವುದು ಸುಲಭ. ಶೇವರನ್ನು ಅಂಗೈಗೆ ತಟ್ಟಿದಾಗ ಓಡಿ, ಬಿಟ್ಟಾಗ ನಿಂತರೆ ಸಂಪರ್ಕ ಕೆಟ್ಟಿದೆ. ಮೀಟರಿದ್ದರೆ ಮೋಟಾರು ಓಡುತ್ತಿರುವಾಗ ಸೆಲ್ಲಿನ ತುದಿಗೆ ಒಂದು ಕಡ್ಡಿ, ಅದಕ್ಕೆ ತಾಗಿದ ತಗಡಿಗೆ ಇನ್ನೊಂದು ಕಡ್ಡಿ ಹಿಡಿಯಿರಿ. ಸಂಪರ್ಕ ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ ತೋರಿಸಬೇಕು, 0.2, 0.3 ತೋರಿಸಿದರೆ ಕಳ್ಳ ಅಲ್ಲೇ ಇದ್ದಾನೆ. ಹಸಿರು ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದರೆ ಸಾಕು. ಬಿಳಿ ಪುಡಿ ಕಂಡರೆ ಅದು ಸೆಲ್ಲಿನಿಂದ ಸೋರಿದ ಕ್ಷಾರ, ಗಾಳಿಗೆ ಗಟ್ಟಿಯಾದದ್ದು. ಬರಿಗೈಯಲ್ಲಿ ಮುಟ್ಟದೆ, ನಿಂಬೆರಸ ಅದ್ದಿದ ಹತ್ತಿಯಿಂದ ಒರೆಸಿ, ಮೇಲೆ ಸ್ಪಿರಿಟ್ ಹಚ್ಚಿ ಒಣಗಿಸಬೇಕು. ಬಿಳಿ ಪುಡಿ ಉಗುಳಿದ ಸೆಲ್ಲನ್ನು ಮತ್ತೆ ಬಳಸುವುದು ಬೇಡ. ಒಂದು ಎಚ್ಚರಿಕೆ: ನೇರವಾಗಿ ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ಶೇವರುಗಳ ಒಳಗೆ 230 ವೋಲ್ಟೇ ಓಡಾಡುತ್ತಿರುತ್ತದೆ. ವೈರ್ ಕಿತ್ತಿಟ್ಟಲ್ಲದೆ ಅದರ ಸ್ಕ್ರೂ ಮುಟ್ಟಬಾರದು.

ಇನ್ನು ಬೇಸ್. ಬ್ರಷ್ಷಿನ ಬೇಸ್‌ನಲ್ಲಿ ತಗಡಿನ ಸಂಪರ್ಕವೇ ಇಲ್ಲ. ಮಧ್ಯದ ಪ್ಲಾಸ್ಟಿಕ್ ಗೂಟದೊಳಗೆ ಫೆರೈಟ್ ಕಡ್ಡಿ ಇದೆ, ಒಳಗೆ ತಾಮ್ರದ ತಂತಿಯ ಕಾಯಿಲ್ ಇದೆ. ಬ್ರಷ್ಷಿನ ತಳದಲ್ಲಿ ಇನ್ನೊಂದು ಕಾಯಿಲ್. ಬೇಸ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ, ಮೇಲಿನ ಕಾಯಿಲ್ ಅದನ್ನು ಹಿಡಿದು ಕರೆಂಟ್ ಮಾಡಿಕೊಳ್ಳುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಹಿಡಿಯುವುದು ಕಡಿಮೆ. ಗೂಟದ ಬುಡದಲ್ಲಿ ಪೇಸ್ಟ್ ಇಳಿದು ಗಟ್ಟಿಯಾಗಿ ಬ್ರಷ್ಷು ಕೆಲವು ಮಿಲಿಮೀಟರ್ ಮೇಲೆದ್ದು ನಿಂತರೆ ಚಾರ್ಜ್ ನಿಧಾನವಾಗಲು ಅಷ್ಟು ಸಾಕು.

ಬೇಸ್ ಬದುಕಿದೆಯೇ ಎಂದು ತಿಳಿಯಲು ಅದನ್ನು ಬಿಚ್ಚಬೇಕಿಲ್ಲ. ಪಂಪ್‌ಸೆಟ್ ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿಯಲ್ಲಿ ಒಂದೆರಡು ಮೀಟರ್ ತೆಳು ವೈಂಡಿಂಗ್ ತಂತಿ ಸಿಗುತ್ತದೆ. ಅದನ್ನು ಗೂಟಕ್ಕಿಂತ ತುಸು ದಪ್ಪನೆಯ ಪೆನ್ನಿಗೆ ಮೂವತ್ತು ಸುತ್ತು ಸುತ್ತಿ ಹೊರತೆಗೆದು, ಎರಡು ತುದಿಯ ಬಣ್ಣ ಕೆರೆದು, ಒಂದು ಕೆಂಪು ಎಲ್‌ಇಡಿಯ ಕಾಲುಗಳಿಗೆ ಸುತ್ತಬೇಕು. ಈ ಉಂಗುರವನ್ನು ಬೇಸ್‌ನ ಗೂಟಕ್ಕೆ ಇಳಿಸಿದಾಗ ಎಲ್‌ಇಡಿ ಹೊತ್ತಿದರೆ ಬೇಸ್ ಕೆಲಸ ಮಾಡುತ್ತಿದೆ. ಹೊತ್ತದಿದ್ದರೆ ಇನ್ನಷ್ಟು ಸುತ್ತು ಹಾಕಿ ನೋಡಿ, ಸಾಧ್ಯವಾದರೆ ಚೆನ್ನಾಗಿರುವ ಇನ್ನೊಂದು ಬೇಸ್ ಮೇಲೂ ಇಟ್ಟು ಹೋಲಿಸಿ. ಉಂಗುರವನ್ನು ಮೇಲೆತ್ತುತ್ತ ಹೋದಂತೆ ದೀಪ ಮಂಕಾಗುವುದು ಕಣ್ಣಿಗೇ ಕಾಣುತ್ತದೆ, ಅಂತರದ ಮಾತು ಅಲ್ಲಿ ಅರ್ಥವಾಗುತ್ತದೆ.

ಸತ್ತ ಬೇಸ್‌ಗಳಿಗೆ ನಮ್ಮ ಕಡೆ ಒಂದು ವಿಶೇಷ ಕಾರಣವಿದೆ. ಅಮೆರಿಕದಲ್ಲಿರುವ ಮಗನೋ ಮಗಳೋ ರಜಕ್ಕೆ ಬರುವಾಗ ಬ್ರಷ್ಷು ತಂದುಕೊಡುತ್ತಾರೆ. ಅಲ್ಲಿನ ಮನೆಯ ಕರೆಂಟು 120 ವೋಲ್ಟ್. ಇಲ್ಲಿನ ಸಾಕೆಟ್ಟಿಗೆ ಹೊಂದುವ ಪಿನ್ ಅಡಾಪ್ಟರ್ ಹಾಕಿ ಚುಚ್ಚಿದರೆ ಪಿನ್ನಿನ ಆಕಾರ ಮಾತ್ರ ಬದಲಾಗುತ್ತದೆ, ವೋಲ್ಟೇಜ್ ಬದಲಾಗುವುದಿಲ್ಲ. ಹೆಚ್ಚುಕಡಿಮೆ ಎರಡರಷ್ಟು ವೋಲ್ಟೇಜ್ ಕುಡಿದ ಬೇಸ್ ಕಾದು ಒಳಗಿನ ಫ್ಯೂಸ್ ಹಾರುತ್ತದೆ. ನೀರು ಹೋಗದಂತೆ ಎಲ್ಲವನ್ನೂ ಮುಚ್ಚಿ ಅಂಟಿಸಿರುವುದರಿಂದ ರಿಪೇರಿ ಆಗುವುದು ಅಪರೂಪ. ಬೇಸ್‌ನ ತಳದ ಅಕ್ಷರ ಓದಿ: 100ರಿಂದ 240 ಎಂದಿದ್ದರೆ ನಿಶ್ಚಿಂತೆ, 110ರಿಂದ 130 ಎಂದಿದ್ದರೆ ಇಲ್ಲಿ ಹಾಗೇ ಚುಚ್ಚಬಾರದು. ಹೀಗೆ ಬೇಸ್ ಹೋದಾಗ ಬ್ರಷ್ಷು ಹೆಚ್ಚಾಗಿ ಚೆನ್ನಾಗಿಯೇ ಇರುತ್ತದೆ, ಅದೇ ಮಾದರಿಯ 230 ವೋಲ್ಟಿನ ಬೇಸ್ ಸಿಕ್ಕರೆ ಮತ್ತೆ ಓಡುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆ ಬೇಸ್ ಚುಚ್ಚಿಯೇ ಬಿಡುವುದೂ ಅಪಾಯ. ಲೈನಿನಲ್ಲಿ ಬರುವ ಒಂದು ಹೊಡೆತಕ್ಕೆ ಇಷ್ಟು ಚಿಕ್ಕ ಸರ್ಕೀಟು ತಡೆಯದು.

ಕೊಪ್ಪದ ಬ್ರಷ್ಷಿಗೆ ಕೊನೆಗೆ ಹೊಸ ಸೆಲ್ಲೇ ಬೇಕಾಯಿತು. ನಿಕ್ಕಲ್ ಇದ್ದ ಜಾಗಕ್ಕೆ ನಿಕ್ಕಲನ್ನೇ ಹಾಕಬೇಕು. ಉದ್ದ, ದಪ್ಪ ಸರಿಯಾಗಿದೆ ಎಂದು 3.7 ವೋಲ್ಟಿನ ಲಿಥಿಯಂ ಸೆಲ್ ಕೂರಿಸಿದರೆ ಆ ಚಾರ್ಜಿಂಗ್ ಸರ್ಕೀಟಿಗೆ ಅದನ್ನು ನಿಭಾಯಿಸಲು ಬಾರದು, ಬೆಂಕಿಯ ಭಯವಿದೆ. ಸೆಲ್ಲಿನ ಮೈಗೇ ಬೆಸುಗೆ ಕಡ್ಡಿ ಹಿಡಿದರೆ ಒಳಗಿನ ಸೀಲು ಕರಗುತ್ತದೆ, ಆದ್ದರಿಂದ ತುದಿಗೆ ತಗಡು ವೆಲ್ಡ್ ಆಗಿಯೇ ಬರುವ ಸೆಲ್ ಕೇಳಿ ತರಿಸಬೇಕು, ಬೆಸುಗೆ ತಗಡಿಗೆ ಮಾತ್ರ. ಹಳೆಯ ಸೆಲ್ಲಿನ ಧನ ತುದಿ ಯಾವ ಕಡೆ ಇತ್ತೆಂದು ಬಿಚ್ಚುವ ಮುಂಚೆ ಗುರುತು ಮಾಡಿಕೊಳ್ಳುವುದು ಒಳ್ಳೆಯದು. ಮುಚ್ಚುವಾಗ ತಳದ ರಬ್ಬರ್ ಉಂಗುರ ತಿರುಚದೆ ಕೂತಿದೆಯೇ ನೋಡಿ, ಅದಕ್ಕೆ ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಬೇಕು. ಆ ಉಂಗುರ ಸೋತರೆ ಹೊಸ ಸೆಲ್ಲೂ ಬರುವ ಮಳೆಗಾಲ ದಾಟುವುದಿಲ್ಲ.

ಕಿತ್ತ ಸೆಲ್ಲನ್ನು ತಿಪ್ಪೆಗೆ ಎಸೆಯಬೇಡಿ, ಅದರಲ್ಲೂ ಕ್ಯಾಡ್ಮಿಯಂ ಇರುವುದನ್ನು. ಅದು ವಿಷದ ಲೋಹ, ನಮ್ಮ ತಿಪ್ಪೆಯ ನೀರು ಇಳಿಯುವುದು ತುಂಗೆಗೋ ಭದ್ರೆಗೋ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಸೆಲ್ ಮರಳಿ ಪಡೆಯುವ ಹೊಣೆ ತಯಾರಕರದ್ದು. ತುದಿಗಳಿಗೆ ಟೇಪ್ ಸುತ್ತಿ, ಒಣ ಡಬ್ಬಿಯಲ್ಲಿಟ್ಟು, ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗುವಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಟ್ಟುಬನ್ನಿ.