ಸ್ಟೇಟಸ್‌ಗೆ ಹಾಕದ ಕ್ಯಾಪ್ಶನ್

ಹನ್ನೊಂದು ವರ್ಷಗಳ ನಂತರ ನಾಗಮಂಗಲದ ಕಡೆಯ ನಮ್ಮೂರಿಗೆ ಹೋಗಿದ್ದೆ. ಬಸ್ಸಿಳಿದ ಕೂಡಲೇ ಅರಳಿಕಟ್ಟೆಯ ಫೋಟೊ ತೆಗೆದು, ‘ನಮ್ಮೂರು ಹಾಗೇ ಇದೆ’ ಎಂದು ಟೈಪ್ ಮಾಡಿದೆ. ಆದರೆ ನೆಟ್‌ವರ್ಕ್ ಸಿಗಲಿಲ್ಲ.

ಊರೊಳಗೆ ನಡೆದೆ. ಸಗಣಿ ಸಾರಿಸಿ ರಾಗಿ ಒಕ್ಕುತ್ತಿದ್ದ ಕಣದಲ್ಲಿ ಶೀಟಿನ ಮನೆ ಎದ್ದಿದೆ. ತೆನೆಯನ್ನು ಟಾರು ರಸ್ತೆಗೆ ಹರಡಿದ್ದಾರೆ. ಓಡಾಡುವ ವಾಹನಗಳೇ ಈಗ ರೋಣಗಲ್ಲು.

ಮನೆ ಮುಂದಿನ ಹಗೇವನ್ನು ಹುಡುಕಿದೆ. ಕಿರಿದಾದ ಬಾಯಿ, ಒಳಗೆ ಅಗಲವಾದ ನೆಲದ ಕುಳಿ. ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳುತ್ತಿರಲಿಲ್ಲ. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ತಾತ ಮೊದಲು ಹಗ್ಗಕ್ಕೆ ಲಾಟೀನು ಕಟ್ಟಿ ಬಿಡುತ್ತಿದ್ದರು. ಅದು ಆರಿದರೆ ಒಳಗೆ ಉಸಿರಾಡುವ ಗಾಳಿ ಇಲ್ಲವೆಂದು ಅರ್ಥ. ಈಗ ಅಲ್ಲಿ ಸಿಮೆಂಟು, ಅದರ ಮೇಲೆ ಬೈಕು.

‘ಯಾಕೆ ಮುಚ್ಚಿದ್ರಿ ದೊಡ್ಡಪ್ಪ?’ ಎಂದೆ.

‘ತುಂಬಕ್ಕೆ ರಾಗಿ ಎಲ್ಲೈತೆ ಮಗ? ಹೊಲ ನಾಕು ಪಾಲಾಯ್ತು. ನಾನು ಬೆಳೆಯೋದು ಮೂಟೇಲೇ ಹಿಡಿಸ್ತದೆ. ನಿಮ್ಮಪ್ಪನ ಪಾಲು ಬೀಳು ಬಿದ್ದೈತೆ.’

ನನ್ನ ಬಳಿ ಉತ್ತರವಿರಲಿಲ್ಲ.

ಹೊರಟಾಗ ಎದುರುಮನೆ ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, ‘ಯಾರ ಮಗ ನೀನು?’ ಎಂದರು. ಅಪ್ಪನ ಹೆಸರು ಹೇಳಿದೆ. ‘ಉಂಡ್ಕಂಡು ಹೋಗು, ಬಾ’ ಎಂದು ಒಳಗೆ ಕರೆದು ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಅದೊಂದು ಮಾತ್ರ ಹಾಗೇ ಇತ್ತು.

ಬಸ್ಸಿನಲ್ಲಿ ನೆಟ್‌ವರ್ಕ್ ಬಂತು. ಬರೆದದ್ದನ್ನು ಅಳಿಸಿ, ಬೀಳುಬಿದ್ದ ಹೊಲದ ಫೋಟೊವನ್ನು ಅಪ್ಪನಿಗಷ್ಟೇ ಕಳಿಸಿದೆ: ‘ನಮ್ಮ ಪಾಲು. ಮುಂದಿನ ಮಳೆಗೆ ಬಿತ್ತೋಣವಾ?’